ಅಪ್ಪ ಅಮ್ಮನ ಮದುವೆಗೆ ಐವತ್ತು: ಮಕ್ಕಳೇ ಕೂತು ಭಾಮಿನಿಯಲ್ಲೊಂದು ಪದ್ಯ ಕಟ್ಟುವುದು ಹೇಗೆ?

ಉಡುಪಿ, ಮಂಗಳೂರು ಕಡೆಯ ಸುವರ್ಣ ವಿವಾಹದ ಸಮಾರಂಭಗಳಿಗೆ ಹೋಗಿದ್ದರೆ ನಿಮಗೆ ಗೊತ್ತಿರುತ್ತದೆ. ಪೂಜೆ ಮುಗಿದು, ಅಪ್ಪ ಅಮ್ಮ ಮತ್ತೊಮ್ಮೆ ಹಾರ ಬದಲಾಯಿಸಿ, ಫೋಟೋದವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಆಗುವಾಗ ಹನ್ನೆರಡು ಗಂಟೆ. ಊಟಕ್ಕೆ ಎಲೆ ಹಾಕಲು ಇನ್ನು ಅರ್ಧ ಗಂಟೆಯೂ ಇರುವುದಿಲ್ಲ. ಆ ಸಂದಿಯಲ್ಲಿ ಮಗಳೋ ಮಗನೋ ಮೈಕ್ ಹಿಡಿದು ಒಂದು ಪದ್ಯ ಓದುತ್ತಾರೆ. ಹೆಚ್ಚಿನ ಪದ್ಯಗಳಲ್ಲಿ ‘ತ್ಯಾಗಮೂರ್ತಿ’, ‘ಆದರ್ಶ ದಂಪತಿ’, ‘ನಮ್ಮ ಬಾಳಿನ ದೀಪ’ ಇಷ್ಟೇ ಇರುತ್ತದೆ. ಹೆಸರು ಬದಲಾಯಿಸಿದರೆ ಪಕ್ಕದ ಮನೆಯವರಿಗೂ ಓದಬಹುದು. ಅಪ್ಪ ಅಮ್ಮ ಕೈಮುಗಿಯುತ್ತಾರೆ, ಆದರೆ ನಗುವುದಿಲ್ಲ.

ನಗಬೇಕಾದರೆ ಪದ್ಯದಲ್ಲಿ ಅವರದೇ ಮನೆಯ ಸಂಗತಿ ಇರಬೇಕು, ಮತ್ತು ನಗೆ ಬೀಳಬೇಕಾದ ಜಾಗದಲ್ಲೇ ಬೀಳಬೇಕು. ಎರಡನೆಯದಕ್ಕೆ ಭಾಮಿನಿ ಷಟ್ಪದಿಯಷ್ಟು ಒಳ್ಳೆಯ ಅಚ್ಚು ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಕಾರಣ ಸರಳ. ನಮ್ಮ ಕಡೆಯ ಎಪ್ಪತ್ತು ದಾಟಿದವರ ಕಿವಿಗೆ ಅದು ಹೊಸದಲ್ಲ. ಯಕ್ಷಗಾನದಲ್ಲಿ ಭಾಗವತರು ಹಾಡುವುದನ್ನು ಕೇಳಿದ್ದಾರೆ, ಗಮಕದಲ್ಲಿ ಕುಮಾರವ್ಯಾಸನನ್ನು ಕೇಳಿದ್ದಾರೆ. ಎರಡನೇ ಸಾಲಿಗೇ ತಲೆದೂಗಲು ಶುರು ಮಾಡುತ್ತಾರೆ. ಮತ್ತೆ, ಅದರ ಕಟ್ಟು ಹೀಗಿದೆ: ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು. ಪುನಃ ಎರಡು ಗಿಡ್ಡ, ಒಂದು ಉದ್ದ. ಗಿಡ್ಡ ಸಾಲುಗಳಲ್ಲಿ ಸಂಗತಿ ಹೇಳಿ, ಉದ್ದ ಸಾಲಿನ ಕೊನೆಗೆ ನಗೆ ಇಟ್ಟರೆ ಆಯಿತು. ಒಂದು ಪದ್ಯಕ್ಕೆ ಎರಡು ನಗೆ.

ಇಲ್ಲಿ ಒಂದು ಮನೆಯ ಉದಾಹರಣೆ ಇಟ್ಟುಕೊಂಡು ಹೋಗೋಣ. ಕೋಟದ ಕಡೆಯ ದಂಪತಿ. 1976ರ ಮೇ ಕೊನೆಗೆ ಮದುವೆ. ಅಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮೂವರು ಮಕ್ಕಳು: ದೊಡ್ಡ ಮಗಳು ಉಡುಪಿಯಲ್ಲೇ, ಮಗ ಬೆಂಗಳೂರಿನಲ್ಲಿ, ಚಿಕ್ಕವಳು ಮಸ್ಕತ್‌ನಲ್ಲಿ. ಮನೆಮಾತು ಕುಂದಾಪ್ರ ಕನ್ನಡ.

ಮೊದಲು ಸಂಗತಿ ಕೂಡಿಸಿ

ಮೂವರೂ ಒಟ್ಟಿಗೆ ವಾಟ್ಸಾಪ್ ಕಾಲ್‌ನಲ್ಲಿ ಕೂತು ‘ಏನು ಬರೆಯೋಣ’ ಅಂತ ಮಾತಾಡಬೇಡಿ. ಒಬ್ಬರು ಹೇಳಿದ್ದಕ್ಕೇ ಉಳಿದವರು ಹೂಂ ಅನ್ನುತ್ತಾರೆ. ಮೊದಲು ಬೇರೆ ಬೇರೆಯಾಗಿ ಒಂದೊಂದು ಹಾಳೆಯಲ್ಲಿ ಬರೆಯಿರಿ, ಆಮೇಲೆ ಜೋಡಿಸಿ. ದೊಡ್ಡವಳು ಕಂಡ ಅಪ್ಪ ಬೇರೆ, ಚಿಕ್ಕವಳು ಕಂಡ ಅಪ್ಪ ಬೇರೆ. ದೊಡ್ಡವಳಿಗೆ ಸಂತೆಯಿಂದ ಸೈಕಲ್ಲಿನಲ್ಲಿ ಬರುವ ಅಪ್ಪ ನೆನಪಾದರೆ ಚಿಕ್ಕವಳಿಗೆ ಸ್ಕೂಟರು ಒರೆಸುವ ಅಪ್ಪ.

ಬರೆಯುವಾಗ ಗುಣ ಬರೆಯಬೇಡಿ. ‘ಅಮ್ಮ ತುಂಬಾ ತಾಳ್ಮೆಯವಳು’ ಅನ್ನುವುದರಿಂದ ಪದ್ಯ ಹುಟ್ಟುವುದಿಲ್ಲ. ವಸ್ತು, ಮಾತು, ಅಭ್ಯಾಸ ಈ ಮೂರನ್ನು ಬರೆಯಿರಿ. ಮನೆಯಲ್ಲಿ ಐವತ್ತು ವರ್ಷದಿಂದ ಬಿಸಾಡದೆ ಉಳಿದ ವಸ್ತು ಯಾವುದು? ಅಪ್ಪ ದಿನಕ್ಕೆ ಹತ್ತು ಸಲ ಹೇಳುವ ಮಾತು ಯಾವುದು? ಬಸ್ಸಿಗೆ ಹೊರಡುವ ಮುಂಚೆ ಅಮ್ಮ ಏನು ಮಾಡುತ್ತಾರೆ? ಮದುವೆಯ ದಿನದ ಬಗ್ಗೆ ಚಿಕ್ಕಮ್ಮನಿಗೋ ಸೋದರಮಾವನಿಗೋ ಫೋನ್ ಮಾಡಿ. ಅಪ್ಪ ಅಮ್ಮ ಹೇಳುವ ಕಥೆ ಅಷ್ಟು ವರ್ಷದಲ್ಲಿ ನುಣುಪಾಗಿಬಿಟ್ಟಿರುತ್ತದೆ. ಪಕ್ಕದಲ್ಲಿ ನಿಂತು ನೋಡಿದವರ ಹತ್ತಿರ ಬೇರೆಯದೇ ಇರುತ್ತದೆ.

ನಮ್ಮ ಕೋಟದ ಮನೆಯ ಹಾಳೆಗಳಲ್ಲಿ ಸಿಕ್ಕಿದ್ದು ಇಷ್ಟು. ಮಳೆಗಾಲಕ್ಕೆ ಮುಂಚೆ ಮುಗಿಯಲಿ ಅಂತ ಅಜ್ಜ ಮೇ ತಿಂಗಳ ಮುಹೂರ್ತ ಇಟ್ಟರೂ ತಾಳಿ ಕಟ್ಟುವ ಹೊತ್ತಿಗೇ ಮಳೆ ಬಂತು. ಅಪ್ಪ ಆ ದಿನ ಗೆಳೆಯನ ಹತ್ತಿರ ಕೊಡೆ ಪಡೆದವರು ಇವತ್ತಿಗೂ ವಾಪಸ್ ಕೊಟ್ಟಿಲ್ಲ, ‘ಕಳಿಸ್ಬೇಕು’ ಅನ್ನುತ್ತಲೇ ಇದ್ದಾರೆ. ಅಮ್ಮ ಒಂದು ಸಲವೂ ಅಪ್ಪನ ಹೆಸರು ಹೇಳಿಲ್ಲ, ಕರೆಯುವುದು ‘ಹ್ವಾಯ್’ ಅಂತಲೇ. ಬ್ಯಾಂಕಿನ ಲೆಕ್ಕದಲ್ಲಿ ಒಂದು ಪೈಸೆ ತಪ್ಪದ ಅಪ್ಪನಿಗೆ ಮನೆಯಲ್ಲಿ ಬೆಂಕಿಪೊಟ್ಟಣ ಎಲ್ಲಿದೆ ಅಂತ ಗೊತ್ತಿಲ್ಲ. ತೋಡಿಗೆ ಹಾಕಿದ್ದ ಅಡಿಕೆಮರದ ಸಂಕ ಹೋಗಿ ಈಗ ಕಾಂಕ್ರೀಟು ಸೇತುವೆ. ಇಷ್ಟು ಸಾಕು, ಪದ್ಯಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ.

ಇಸವಿ ತಾಳೆ ನೋಡಿ

ಸಭೆಯಲ್ಲಿ ಅಪ್ಪನ ವಾರಿಗೆಯವರು ಕೂತಿರುತ್ತಾರೆ. ಒಂದು ಇಸವಿ ತಪ್ಪಿದರೆ ‘ಆಗ ಅದೆಲ್ಲ ಎಲ್ಲಿತ್ತು ಮಾರಾಯ’ ಅಂತ ಅಲ್ಲೇ ಹೇಳುತ್ತಾರೆ. ಆಮೇಲೆ ಪದ್ಯ ಯಾರೂ ಕೇಳುವುದಿಲ್ಲ, ಚರ್ಚೆ ಶುರುವಾಗುತ್ತದೆ. ಈ ಮನೆಯ ಹಾಳೆಗಳಲ್ಲೇ ಇಂಥ ಮೂರು ಸಿಕ್ಕಿದವು.

ಮಗ ‘ಉಡುಪಿ ಜಿಲ್ಲೆಯ ಮದುವೆ’ ಅಂತ ಬರೆದಿದ್ದ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. 1976ರಲ್ಲಿ ಅದು ದಕ್ಷಿಣ ಕನ್ನಡದ ಒಂದು ತಾಲೂಕು. ‘ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ ಕೇಳುತ್ತಾ ದಿಬ್ಬಣ ಹೊರಟಿತು’ ಅಂತ ಚಿಕ್ಕವಳು ಬರೆದಿದ್ದಳು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್‌ನಲ್ಲಿ, ಮದುವೆ ಮೇಯಲ್ಲಿ. ‘ಮದುವೆ ಮರುದಿನ ಇಬ್ಬರೂ ಟೆಂಟಿನ ಆಟಕ್ಕೆ ಹೋದರು’ ಅನ್ನುವುದೂ ಇತ್ತು. ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮೇ ಕೊನೆಯ ಮದುವೆಯ ಮರುದಿನ ಆಟ ಎಲ್ಲಿಂದ? ಅದು ಬಹುಶಃ ಮುಂದಿನ ವರ್ಷದ ನೆನಪು. ಮೂರನ್ನೂ ಬಿಟ್ಟರು. ಟ್ರಂಕಿನಲ್ಲಿ ಹಳೆಯ ಲಗ್ನಪತ್ರಿಕೆ ಇದ್ದರೆ ತೆಗೆಸಿ ನೋಡಿ. ದಿನ, ಮುಹೂರ್ತ, ಮದುವೆ ನಡೆದ ಜಾಗ ಮೂರೂ ಅದರಲ್ಲಿರುತ್ತದೆ.

ಇದರ ಒಂದು ಲಾಭವೂ ಇದೆ. ಇಸವಿ ಹುಡುಕುವಾಗಲೇ ಒಳ್ಳೆಯ ಸಾಲು ಸಿಗುತ್ತದೆ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ, ಸಮಸಂಖ್ಯೆಯ ವರ್ಷಗಳಲ್ಲಿ. 1976ರದ್ದು ಮದುವೆಗೆ ಮುಂಚೆಯೇ ಆಗಿಹೋಗಿತ್ತು. 1978ರಿಂದ 2026ರ ತನಕ ಎಣಿಸಿದರೆ ಸರಿಯಾಗಿ 25 ಪರ್ಯಾಯ. ‘ಐವತ್ತು ವರ್ಷ’ ಅನ್ನುವುದಕ್ಕಿಂತ ‘ಇಪ್ಪತ್ತೈದು ಪರ್ಯಾಯ ಒಟ್ಟಿಗೆ ಕಂಡರು’ ಅನ್ನುವುದು ನಮ್ಮ ಕಡೆಯವರಿಗೆ ಬೇರೆಯೇ ಅಲ್ವಾ? ಹಾಗೆಯೇ ಬ್ಯಾಂಕು. ಈ ಅಪ್ಪ ದುಡಿದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿತು. ವಿಜಯ ಬ್ಯಾಂಕು ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿತ್ತು. ನಮ್ಮ ಜಿಲ್ಲೆಗಳಲ್ಲಿ ಈ ಮೂರರಲ್ಲಿ ಒಂದರ ಪೆನ್ಶನ್ ಬರದ ಬೀದಿ ಇಲ್ಲ. ಸಭೆಯಲ್ಲಿ ಅರ್ಧ ಜನಕ್ಕೆ ಆ ಸಾಲು ಸ್ವಂತದ್ದು ಅನಿಸುತ್ತದೆ.

ಯಾವ ನಗೆ ಇರಲಿ, ಯಾವುದು ಬೇಡ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಒಂದು ತಮಾಷೆ ಪದ್ಯಕ್ಕೆ ಸಲ್ಲುತ್ತದೋ ಇಲ್ಲವೋ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕಾಗುತ್ತದೆ: ಈ ಕಥೆಯನ್ನು ಅಪ್ಪ ಅಮ್ಮ ತಾವಾಗಿಯೇ ನೆಂಟರ ಮುಂದೆ ಹೇಳುತ್ತಾರಾ? ಹೇಳುತ್ತಾರೆ ಅಂತಾದರೆ ಧೈರ್ಯವಾಗಿ ಹಾಕಿ. ಕೊಡೆಯ ಕಥೆ ಅಪ್ಪನೇ ಎಲ್ಲರಿಗೂ ಹೇಳಿ ನಗುವಂಥದ್ದು. ಅದೇ, ಗದ್ದೆ ಮಾರಿದ ವಿಷಯ ಮನೆಯೊಳಗೆ ಮಾತ್ರ ಬರುತ್ತದೆ, ಅದೂ ಸಿಟ್ಟು ಬಂದಾಗ. ಐವತ್ತು ವರ್ಷ ಆದರೂ ಕೆಲವು ಗಾಯ ಆರಿರುವುದಿಲ್ಲ. ಅತ್ತೆ ಸೊಸೆಯ ಜಗಳ, ಪಾಲುಪಟ್ಟಿ, ವರದಕ್ಷಿಣೆ ಮಾತುಕತೆ, ಯಾರ ಮನೆಯವರು ಮದುವೆಗೆ ಬರಲಿಲ್ಲ ಎಂಬುದು, ಇವೆಲ್ಲ ಮಕ್ಕಳಿಗೆ ಹಳೆಯ ಕಥೆ. ಅವರಿಗೆ ಅಲ್ಲ.

ದೇಹದ ಬಗ್ಗೆ ಬೇಡ. ಕಿವಿ ಕೇಳಿಸದ್ದು, ಮಂಡಿನೋವು, ಮರೆವು, ಅಪ್ಪನ ಬೋಳುತಲೆ, ಎಲ್ಲ ಬಿಡಿ. ಸುಲಭವಾಗಿ ನಗು ಬರುತ್ತದೆ ನಿಜ, ಆದರೆ ನಗುವವರು ಸಭೆಯವರು, ಅವರಿಬ್ಬರಲ್ಲ.

ಇನ್ನೊಂದು ತಪ್ಪು ಹೆಚ್ಚಿನ ಕರಡುಗಳಲ್ಲಿ ಕಾಣುತ್ತದೆ. ಅಮ್ಮನ ಮೇಲಿನ ತಮಾಷೆ ಎಲ್ಲ ಅಡುಗೆಮನೆಯದ್ದು, ಅಪ್ಪನ ಮೇಲಿನದ್ದು ಎಲ್ಲ ಸಿಟ್ಟಿನದ್ದು. ಕರಡು ಮುಗಿದ ಮೇಲೆ ಪ್ರತಿ ನಗೆ ಯಾರ ಮೇಲೆ ಬಿದ್ದಿದೆ ಅಂತ ಅಂಚಿನಲ್ಲಿ ‘ಅಪ್ಪ’, ‘ಅಮ್ಮ’, ‘ನಾವು’ ಎಂದು ಗುರುತು ಹಾಕಿ. ಒಬ್ಬರಿಗೇ ಹೆಚ್ಚಾಗಿದ್ದರೆ ತೂಗಿಸಿ. ‘ನಾವು’ ಅನ್ನುವುದು ಒಂದೂ ಇಲ್ಲದಿದ್ದರೆ ಪದ್ಯ ಮಕ್ಕಳ ದೂರಿನಂತೆ ಕೇಳುತ್ತದೆ.

ಕೊನೆಗೆ, ಆರಿಸಿದ್ದನ್ನು ಚಿಕ್ಕಮ್ಮನಂಥ ಒಬ್ಬ ಹಿರಿಯರಿಗೆ ಓದಿ. ಅವರು ನಗುವ ಮೊದಲು ಒಂದು ಕ್ಷಣ ಸುಮ್ಮನಾದರೆ ಆ ಸಾಲು ತೆಗೆಯಿರಿ. ಕಾರಣ ಕೇಳಲಿಕ್ಕೆ ಹೋಗಬೇಡಿ, ಅವರಿಗೆ ಹೇಳಲು ಇಷ್ಟವಿರುವುದಿಲ್ಲ.

ಮಾತ್ರೆಯ ಲೆಕ್ಕ

ಈಗ ಛಂದಸ್ಸು. ಹೆದರುವಂಥದ್ದೇನಿಲ್ಲ, ಶಾಲೆಯಲ್ಲಿ ಕಲಿತದ್ದೇ.

ಗಿಡ್ಡ ಸ್ವರದ ಅಕ್ಷರ ಒಂದು ಮಾತ್ರೆ, ಅದು ಲಘು. ದೀರ್ಘ ಇದ್ದರೆ, ಪಕ್ಕದಲ್ಲಿ ಸೊನ್ನೆ ಇದ್ದರೆ, ಅಥವಾ ಮುಂದಿನ ಅಕ್ಷರ ಒತ್ತಕ್ಷರವಾದರೆ ಎರಡು ಮಾತ್ರೆ, ಅದು ಗುರು. ‘ಮಳೆಗೆ’ ಅಂದರೆ ಮೂರು. ‘ಅಮ್ಮ’ ಅಂದರೂ ಮೂರು, ಯಾಕೆಂದರೆ ‘ಅ’ ಒತ್ತಕ್ಷರದ ಹಿಂದೆ ಇದೆ. ‘ಕಟ್ಟುವ’ ಅಂದರೆ ನಾಲ್ಕು.

ಭಾಮಿನಿಯ ಗಿಡ್ಡ ಸಾಲು 3, 4, 3, 4, ಒಟ್ಟು 14 ಮಾತ್ರೆ. ಈ ಒಂದೊಂದು ಗುಂಪೂ ಒಂದು ಗಣ. ಉದ್ದ ಸಾಲು 3, 4, 3, 4, 3, 4, ಕೊನೆಗೊಂದು ಗುರು, ಒಟ್ಟು 23. ಒಂದು, ಎರಡು, ನಾಲ್ಕು, ಐದನೇ ಸಾಲು ಗಿಡ್ಡ. ಮೂರು ಮತ್ತು ಆರು ಉದ್ದ. ಕೈಯಲ್ಲಿ ತಾಳ ಹಾಕಿಕೊಂಡು ‘ತಕಿಟ ತಕಧಿಮಿ, ತಕಿಟ ತಕಧಿಮಿ’ ಅಂತ ಹತ್ತು ಸಲ ಹೇಳಿ. ಆಮೇಲೆ ಲೆಕ್ಕ ಬಾಯಿಗೇ ಬರುತ್ತದೆ, ಬೆರಳೆಣಿಕೆ ಬೇಡ.

ಕೋಟದ ಮನೆಯ ಮೊದಲ ಕರಡು ಹೀಗಿತ್ತು: ‘ಮದುವೆಯಾದದ್ದು ಮೇ ತಿಂಗಳಲ್ಲಿ’. ಓದಿ ನೋಡಿ. ‘ಮದುವೆ’ ಮೂರು, ‘ಯಾದದ್’ ನಾಲ್ಕು, ಸರಿ. ಮುಂದೆ ‘ದು ಮೇ’. ಲೆಕ್ಕಕ್ಕೆ ಮೂರೇ ಮಾತ್ರೆ, ಆದರೆ ಬಾಯಿ ಮುಗ್ಗರಿಸುತ್ತದೆ. ಯಾಕೆಂದರೆ ಗಣ ಲಘುವಿನಿಂದ ಶುರುವಾಗಿ ಕೂಡಲೇ ಗುರು ಬಂದಿದೆ. ಈ ನಡಿಗೆಯಲ್ಲಿ ಅದು ಸಲ್ಲದು. ಪದ್ಯ ಎಣಿಕೆಗೆ ಸರಿಯಾಗಿದ್ದೂ ಹಾಡಲು ಬರುತ್ತಿಲ್ಲ ಅಂತಾದರೆ ಹತ್ತಕ್ಕೆ ಎಂಟು ಸಲ ಕಾರಣ ಇದೇ. ಹೆಸರುಗಳಲ್ಲಿ ಈ ತೊಂದರೆ ಜಾಸ್ತಿ. ‘ಸದಾಶಿವ’, ‘ಸುಶೀಲ’, ‘ವಿನೋದ’ ಇಂಥವು ಗಣದ ಆರಂಭಕ್ಕೆ ಕೂರುವುದಿಲ್ಲ. ಹಿಂದಿನ ಪದದ ಬಾಲಕ್ಕೆ ಅಂಟಿಸಬೇಕು, ಇಲ್ಲವಾದರೆ ಹೆಸರೇ ಬೇಡ, ‘ಅಪ್ಪ’, ‘ಅಮ್ಮ’ ಸಾಕು. ಎರಡೂ ಮೂರು ಮಾತ್ರೆಯವು, ಭಾಮಿನಿಗೆ ಹೇಳಿ ಮಾಡಿಸಿದಂತಿವೆ.

ಇನ್ನು ಆದಿಪ್ರಾಸ. ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಅಕ್ಷರ ಎಲ್ಲ ಕಡೆ ಲಘು, ಇಲ್ಲವೇ ಎಲ್ಲ ಕಡೆ ಗುರು. ಇದು ಕಷ್ಟ ಅನಿಸುತ್ತದೆ, ಆದರೆ ನನ್ನ ಮಟ್ಟಿಗೆ ಸಹಾಯವೇ. ಪ್ರಾಸಕ್ಕೆ ಪದ ಹುಡುಕುವಾಗ ‘ಆದರ್ಶ’, ‘ತ್ಯಾಗ’ ತಾನಾಗಿ ಉದುರಿಹೋಗುತ್ತವೆ. ಕಾಗದದ ಒಂದು ಬದಿಗೆ ಪ್ರಾಸದ ಪದಗಳನ್ನು ಮೊದಲೇ ಬರೆದುಕೊಳ್ಳಿ. ‘ಮಳೆ’ಗೆ: ಗಳಿಗೆ, ಇಳಿ, ಒಳಗೆ, ಬಳಿ, ಗೆಳೆಯ, ಕಳಿಸು, ಕಳೆ, ಎಳೆ. ಈ ಪಟ್ಟಿಯಲ್ಲೇ ‘ಗೆಳೆಯ’ ಮತ್ತು ‘ಕಳಿಸು’ ಕಣ್ಣಿಗೆ ಬಿದ್ದದ್ದು, ಕೊಡೆಯ ಕಥೆ ತಾನಾಗಿ ಒಳಗೆ ಬಂತು:

ಮಳೆಗೆ ಮೊದಲೇ ಮದುವೆ ಮುಗಿಸಲು
ಗಳಿಗೆ ಹುಡುಕಿದರಜ್ಜ ಮೇಯಲಿ
ಇಳಿದು ಬಂದಿತು ತಾಳಿ ಕಟ್ಟುವ ಹೊತ್ತಿಗೇ ಮಳೆಯೂ
ಒಳಗೆ ದಿಬ್ಬಣ ಹೊರಗೆ ವಾಲಗ
ಗೆಳೆಯನೊಬ್ಬನು ಕೊಟ್ಟ ಕೊಡೆಯನು
ಕಳಿಸಬೇಕೆಂದಪ್ಪ ಇಂದಿಗು ಹೇಳುತಿರುತಾರೇ

ಉದ್ದ ಸಾಲನ್ನು ಒಡೆದರೆ ಹೀಗೆ: ಇಳಿದು | ಬಂದಿತು | ತಾಳಿ | ಕಟ್ಟುವ | ಹೊತ್ತಿ | ಗೇ ಮಳೆ | ಯೂ. ಗಣ ಪದದ ನಡುವೆ ಒಡೆದರೂ ತೊಂದರೆ ಇಲ್ಲ. ಗಮನಿಸಿ, ಅಜ್ಜ ಈಗಿಲ್ಲ. ಆದರೆ ಅವರ ಬಗ್ಗೆ ಬೇರೆ ಶ್ರದ್ಧಾಂಜಲಿ ಸಾಲು ಹಾಕಲಿಲ್ಲ. ಮುಹೂರ್ತ ಹುಡುಕುವವರಾಗಿ ನಗೆಯೊಳಗೇ ಬಂದರು. ತೀರಿಕೊಂಡ ಹಿರಿಯರನ್ನು ಹೀಗೆ ಕೆಲಸ ಮಾಡುತ್ತಿರುವಂತೆ ತರುವುದು ಒಳ್ಳೆಯದು. ‘ಇಂದು ನಮ್ಮೊಂದಿಗಿಲ್ಲ’ ಅಂತ ಬರೆದರೆ ಅಮ್ಮನ ಕಣ್ಣು ತುಂಬುತ್ತದೆ, ಮುಂದಿನ ನಗೆಗೆ ಜಾಗ ಇರುವುದಿಲ್ಲ.

ನಗೆಯ ಪದ ಕೊನೆಗೇ ಬರಲಿ

‘ಹ್ವಾಯ್’ ಪದ್ಯದ ಮೊದಲ ಕರಡಿನಲ್ಲಿ ಮೊದಲ ಸಾಲೇ ‘ಹ್ವಾಯ್ ಎಂದೆ ಅಮ್ಮ ಕರೆವರು’ ಅಂತಿತ್ತು. ಎಲ್ಲರೂ ಮೊದಲ ಸಾಲಿಗೇ ನಕ್ಕುಬಿಡುತ್ತಾರೆ. ಉಳಿದ ಐದು ಸಾಲಿಗೆ ಮಾಡಲು ಕೆಲಸವಿಲ್ಲ. ಅದನ್ನು ತಿರುಗಿಸಿ ಹಾಕಿದರು. ಹೆಸರು ಹಿಡಿದು ಕರೆಯಲಿಲ್ಲ ಎಂದು ಶುರು ಮಾಡಿ, ಹಾಗಾದರೆ ಹೇಗೆ ಕರೆಯುತ್ತಾರೆ ಅಂತ ಕೇಳುವವರನ್ನು ಕಾಯಿಸಿ, ಮೂರನೇ ಸಾಲಿನ ಕಟ್ಟಕಡೆಗೆ ಆ ಒಂದು ಪದ:

ಹೆಸರು ಹಿಡಿದೇ ಕರೆಯಲಿಲ್ಲವು
ಮೊಸರು ಕಡೆಯುವ ಅಮ್ಮ ಇಂದಿಗು
ಹೊಸಿಲು ದಾಟುವ ಮುನ್ನ ಕೂಗುವರೊಂದೆ ಮಾತಲಿ ಹ್ವಾಯ್
ಹಸಿವೊ ಸಿಟ್ಟೋ ಹಾಲು ಉಕ್ಕಿತೊ
ಬಸಿದ ಗಂಜಿಯು ತಣಿದು ಹೋಯಿತೊ
ಉಸಿರಿನಳತೆಯೊಳಪ್ಪ ತಿಳಿವರು ಹ್ವಾಯಿನರ್ಥವನೂ

ಇಲ್ಲಿ ಒಂದು ಸಡಿಲ ಇದೆ. ‘ಮಾತಲಿ’ಯ ಮುಂದೆ ‘ಹ್ವಾ’ ಒತ್ತಕ್ಷರ ಬಂದಿದೆ, ಕಟ್ಟುನಿಟ್ಟಿನ ಲೆಕ್ಕದಲ್ಲಿ ‘ಲಿ’ ಗುರುವಾಗಬೇಕು, ಕೊನೆಯ ಸಾಲಿನ ‘ತಿಳಿವರು’ವಿನ ‘ರು’ ಕೂಡ. ಆದರೆ ಬೇರೆ ಪದವಾದ ಕಾರಣ ಓದುವಾಗ ಅಲ್ಲಿ ಒತ್ತು ಬೀಳುವುದಿಲ್ಲ, ಲಘುವಾಗಿಯೇ ಹೋಗುತ್ತದೆ. ಕಿವಿ ಒಪ್ಪಿದರೆ ಬಿಡಿ. ನೆಂಟರಲ್ಲಿ ನಿವೃತ್ತ ಕನ್ನಡ ಮಾಸ್ಟ್ರು ಇದ್ದರೆ ಒಂದು ಮಾತು ಹೇಳಿಯಾರು, ಅದಕ್ಕೂ ಒಂದು ಗಮ್ಮತ್ತಿದೆ. ಎರಡನೇ ಅರ್ಧವನ್ನೂ ನೋಡಿ. ಅಲ್ಲಿ ತಮಾಷೆ ಮಾಡುತ್ತಲೇ, ಐವತ್ತು ವರ್ಷ ಒಬ್ಬರ ಧ್ವನಿ ಇನ್ನೊಬ್ಬರಿಗೆ ಎಷ್ಟು ಗೊತ್ತಾಗಿದೆ ಅನ್ನುವುದು ಬಂದಿದೆ. ‘ಅನ್ಯೋನ್ಯ’ ಎಂಬ ಪದ ಬರೆಯಬೇಕಾಗಿ ಬರಲಿಲ್ಲ.

ಮನೆಮಾತು ತುಳುವೋ ಕೊಂಕಣಿಯೋ ಆಗಿದ್ದರೂ ಇದೇ ಉಪಾಯ ನಡೆಯುತ್ತದೆ. ಪದ್ಯ ಕನ್ನಡದಲ್ಲಿರಲಿ, ಅಪ್ಪನೋ ಅಮ್ಮನೋ ನಿಜವಾಗಿ ಆಡುವ ಒಂದು ಮಾತು ಮಾತ್ರ ಅವರ ಭಾಷೆಯಲ್ಲೇ, ಉದ್ದ ಸಾಲಿನ ತುದಿಗೆ ಬರಲಿ. ಎರಡು ಮೂರು ಕಡೆ ಹಾಕಿದರೆ ಅದರ ರುಚಿ ಹೋಗುತ್ತದೆ.

ಬ್ಯಾಂಕಿನ ಪದ್ಯಕ್ಕೆ ಪ್ರಾಸದ ಪಟ್ಟಿ: ಸಂಕ, ಅಂಕೆ, ಅಂಕಿ, ಡೊಂಕು, ಬೆಂಕಿ, ಶಂಕೆ. ಬೆಂಕಿಪೊಟ್ಟಣವೂ ಸಂಕವೂ ಹಾಳೆಯಲ್ಲಿ ಮೊದಲೇ ಇದ್ದವು. ಪ್ರಾಸ ಅವುಗಳನ್ನು ಬ್ಯಾಂಕಿಗೆ ತಂದು ಕಟ್ಟಿತು:

ಬ್ಯಾಂಕು ಹೆಸರನೆ ಕಳೆದುಕೊಂಡಿತು
ಸಂಕ ಹೋಯಿತು ಸೇತು ಬಂದಿತು
ಅಂಕೆ ಬದಲಾಗಿಲ್ಲ ಮನೆಯಲಿ ಅಮ್ಮ ಹೇಳಿದ್ದೇ
ಅಂಕಿ ಸಂಖ್ಯೆಯನರೆದು ಕುಡಿದಾ
ಡೊಂಕು ತಿಳಿಯದ ನಮ್ಮ ಅಪ್ಪಗೆ
ಬೆಂಕಿ ಪೊಟ್ಟಣ ಹುಡುಕಿ ಕೊಡಲಿಕೆ ಅಮ್ಮನೇ ಬೇಕೂ

ನಾಲ್ಕನೇ ಸಾಲಿನ ‘ಕುಡಿದಾ’ ಮಾತ್ರೆಗಾಗಿ ಎಳೆದದ್ದು. ಒಂದು ಪದ್ಯದಲ್ಲಿ ಸಾಲಿನ ನಡುವೆಯೋ ಗಿಡ್ಡ ಸಾಲಿನ ತುದಿಯಲ್ಲೋ ಇಂಥ ಎಳೆತ ಒಂದು ನಡೆಯುತ್ತದೆ. ಮೂರು ನಾಲ್ಕು ಆದರೆ ಪದ ಸಿಗದೆ ಒದ್ದಾಡಿದ್ದು ಕಾಣುತ್ತದೆ. ಉದ್ದ ಸಾಲಿನ ಕೊನೆಯ ದೀರ್ಘ ಬೇರೆ, ಅದು ಛಂದಸ್ಸಿನದ್ದೇ.

ಎಷ್ಟು ಪದ್ಯ, ಹೇಗೆ ಮುಗಿಸುವುದು

ನಿಧಾನವಾಗಿ ಓದಿದರೆ ಒಂದು ಭಾಮಿನಿಗೆ ಸುಮಾರು ಅರ್ಧ ನಿಮಿಷ. ನಗುವಿಗೆ ಬಿಡುವ ಹೊತ್ತೂ ಸೇರಿ ಐದಾರು ಪದ್ಯಕ್ಕೆ ನಾಲ್ಕು ನಿಮಿಷ. ಅಲ್ಲಿಗೆ ನಿಲ್ಲಿಸಿ. ವರ್ಷ ವರ್ಷ ಹಿಡಿದು ಐವತ್ತನ್ನೂ ಹೇಳುತ್ತೇವೆ ಅಂತ ಹೊರಟರೆ ಸಾರಿನ ಪರಿಮಳ ಬರುವಾಗಲೂ ನೀವು 1989ರಲ್ಲಿ ಇರುತ್ತೀರಿ. ಮದುವೆಯ ದಿನ ಒಂದು, ಮನೆಯ ಅಭ್ಯಾಸ ಎರಡು ಮೂರು, ಮಕ್ಕಳ ಕೀಟಲೆ ಒಂದು, ಕೊನೆಯದ್ದು ಒಂದು. ನಡುವಿನ ದಶಕಗಳು ತಾನಾಗಿ ಅರ್ಥವಾಗುತ್ತವೆ.

ಕೊನೆಯ ಪದ್ಯವೇ ಕಷ್ಟದ್ದು. ‘ನೂರು ಕಾಲ ಬಾಳಿ’ ಅಂತ ಮಕ್ಕಳು ಅಪ್ಪ ಅಮ್ಮನನ್ನು ಹರಸುವುದು ನಮ್ಮಲ್ಲಿ ಸರಿ ಕಾಣುವುದಿಲ್ಲ. ಹರಸಬೇಕಾದವರು ಅವರು. ಹಾಗಾಗಿ ಪದ್ಯ ನೇರವಾಗಿ ನಮಸ್ಕಾರಕ್ಕೆ ಹೋಗಿ ಸೇರಲಿ. ಓದಿ ಮುಗಿಯುತ್ತಿದ್ದಂತೆ ಎಲ್ಲರೂ ಹೋಗಿ ಕಾಲು ಹಿಡಿಯಬೇಕು. ಆಗ ‘ಧನ್ಯವಾದಗಳು’ ಅಂತ ಹೇಳಿ ಮೈಕ್ ಇಡುವ ಮುಜುಗರವೂ ಇಲ್ಲ:

ಉಂಡ ಗಂಜಿಯ ಲೆಕ್ಕವಿಲ್ಲವು
ಕೊಂಡ ಕೊಡೆಗಳ ಲೆಕ್ಕವಿಲ್ಲವು
ಕಂಡ ಪರ್ಯಾಯಗಳು ಇಪ್ಪತ್ತೈದು ಜೊತೆಯಾಗೀ
ಮೊಂಡು ಮಕ್ಕಳು ನಾವು ಮೂವರು
ಹಿಂಡು ಮೊಮ್ಮಕ್ಕಳನು ಕೂಡಿಸಿ
ದಂಡು ಕಟ್ಟಿಯೆ ಬಂದು ನಿಂತೆವು ಕಾಲು ಹಿಡಿಲಿಕ್ಕೇ

‘ಪರ್ಯಾಯ’ ಐದು ಮಾತ್ರೆಯ ಪದ. ಸಾಲಿನ ಶುರುವಿಗೆ ಇಟ್ಟರೆ ಮೂರಕ್ಕೆ ಒಡೆಯುವುದಿಲ್ಲ. ಅದರ ಹಿಂದೆ ‘ಕಂಡ’ ಹಾಕಿ ಎರಡನೇ ಗಣಕ್ಕೆ ತಳ್ಳಿದಾಗ ‘ಪರ್ಯಾ’ ನಾಲ್ಕಾಗಿ ಕೂತಿತು, ಉಳಿದ ‘ಯ’ ಮುಂದಿನ ಮೂರಕ್ಕೆ ಸೇರಿತು. ಹಟ ಮಾಡುವ ಪದಗಳಿಗೆಲ್ಲ ಇದೇ ಮದ್ದು: ಅವುಗಳ ಹಿಂದೆ ಮೂರು ಮಾತ್ರೆಯ ಒಂದು ಪದ ಇಟ್ಟು ನೋಡಿ.

ಓದುವುದು, ಅಚ್ಚು ಹಾಕಿಸುವುದು

ಮೂವರೂ ಒಟ್ಟಿಗೆ ಓದಬೇಡಿ. ಸ್ವರ ಕೂಡುವುದಿಲ್ಲ, ನಗೆಯ ಪದವೇ ಕಲಸಿಹೋಗುತ್ತದೆ. ಒಬ್ಬರಿಗೆ ಒಂದೊಂದು ಪದ್ಯ ಹಂಚಿ. ಅಪ್ಪನ ಮೇಲಿನ ತಮಾಷೆ ಮಗಳು ಓದಲಿ, ಅಮ್ಮನ ಮೇಲಿನದ್ದು ಮಗ. ಅಳಿಯ ಸೊಸೆಯಂದಿರ ಬಾಯಲ್ಲಿ ತಮಾಷೆಯ ಪದ್ಯ ಬೇಡ, ಅದೇ ಸಾಲು ಬೇರೆ ಅರ್ಥ ಕೊಡುತ್ತದೆ. ಬೇಕಿದ್ದರೆ ಅವರಿಗೆ ಮೊದಲಿನದ್ದೋ ಕೊನೆಯದ್ದೋ ಕೊಡಿ. ಮಸ್ಕತ್‌ನವಳು ಬರಲು ಆಗದಿದ್ದರೆ ಅವಳ ಪದ್ಯವನ್ನು ಮೊದಲೇ ರೆಕಾರ್ಡ್ ಮಾಡಿ ತರಿಸಿಕೊಳ್ಳಿ. ಹಾಲ್‌ನಲ್ಲಿ ವಿಡಿಯೋ ಕಾಲ್ ನಂಬಬೇಡಿ, ಧ್ವನಿ ಒಂದು ಕ್ಷಣ ತಡವಾಗಿ ಬಂದರೂ ಛಂದಸ್ಸು ಕೆಡುತ್ತದೆ.

ಹಾಡಲು ಬರುವವರು ಮನೆಯಲ್ಲಿದ್ದರೆ ಒಂದು ಪದ್ಯ ಹಾಡಲಿ, ಉಳಿದದ್ದು ಓದುವುದೇ ಚೆಂದ. ರಾಗ ಎಳೆದರೆ ಮಾತು ಹಿಂದೆ ಬೀಳುತ್ತದೆ. ಉದ್ದ ಸಾಲು ಮುಗಿದ ಮೇಲೆ ಒಮ್ಮೆ ಉಸಿರು ಎಳೆದುಕೊಂಡು ಅಪ್ಪ ಅಮ್ಮನ ಕಡೆ ನೋಡಿ. ನಗು ಬಂದರೆ ಅದು ತಗ್ಗುವ ತನಕ ಕಾಯಿರಿ. ಬರದಿದ್ದರೆ ನಿಲ್ಲದೆ ಮುಂದೆ ಹೋಗಿ, ಯಾರಿಗೂ ಗೊತ್ತಾಗುವುದಿಲ್ಲ.

ಅಚ್ಚು ಹಾಕಿಸುವುದಾದರೆ ಒಂದು ಪುಟಕ್ಕೆ ಎರಡು ಪದ್ಯಕ್ಕಿಂತ ಹೆಚ್ಚು ಬೇಡ. ಉದ್ದ ಸಾಲು ಮುರಿದು ಕೆಳಗೆ ಇಳಿಯದ ಹಾಗೆ ಕಾಗದವನ್ನು ಅಡ್ಡಕ್ಕೆ ಹಿಡಿಸಿ. ಮುರಿದರೆ ಆರು ಸಾಲು ಎಂಟಾಗಿ ಕಾಣುತ್ತದೆ, ಓದುವವರು ತಪ್ಪು ಜಾಗದಲ್ಲಿ ನಿಲ್ಲಿಸುತ್ತಾರೆ. ಅಪ್ಪ ಅಮ್ಮ ಕನ್ನಡಕ ಹಾಕಿ ಓದುವಷ್ಟು ಅಕ್ಷರ ದೊಡ್ಡದಿರಲಿ, ಹಿಂದೆ ಹೂವಿನ ಚಿತ್ರ ಬೇಡ. ಅಂಗಡಿಯವರು ಟೈಪ್ ಮಾಡಿದ ಕರಡನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ‘ಹೇಳುತಿರುತಾರೇ’ ಎಂಬುದನ್ನು ಅವರು ಸರಿ ಮಾಡುತ್ತೇವೆ ಅಂತ ‘ಹೇಳುತ್ತಿರುತ್ತಾರೆ’ ಮಾಡಿಬಿಡುತ್ತಾರೆ, ಮಾತ್ರೆ ಹೆಚ್ಚಾಗುತ್ತದೆ. ‘ಇಂದಿಗು’, ‘ಮನೆಯಲಿ’, ‘ಕೊಡಲಿಕೆ’ ಇವಕ್ಕೂ ಅದೇ ಗತಿ. ಈ ಪದಗಳ ಕೆಳಗೆ ಮೊದಲೇ ಗೆರೆ ಎಳೆದು ‘ಹೀಗೇ ಇರಲಿ’ ಅಂತ ಬರೆದು ಕೊಡಿ.